ಪರತಂತ್ರ ಅಂದ್ರೆ ಸುಳ್ಳೇ? ಶಂಕರರ ಬ್ರಹ್ಮ, ಮಧ್ವರ ವಿಷ್ಣು

(ದಾವಣಗೆರೆಯ ತತ್ವಶಾಸ್ತ್ರ ವಿಚಾರ ಸಂಕಿರಣದಲ್ಲಿ ಓದುವ ಪ್ರಬಂಧ)

ಅಧ್ಯಕ್ಷರೇ, ಗುರುಗಳೇ, ಗೆಳೆಯರೇ,

ಶಂಕರರು ಮತ್ತು ಮಧ್ವರ ಇಡೀ ದರ್ಶನವನ್ನು ಕೊಟ್ಟಿರುವ ಹೊತ್ತಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಆದ್ದರಿಂದ ಒಂದೇ ಪ್ರಶ್ನೆ ಹಿಡಿಯುತ್ತೇನೆ. ಇನ್ನೊಂದರ ಆಸರೆಯಿಂದ ಇರುವ, ಅಂದರೆ ಪರತಂತ್ರವಾದ ವಸ್ತು ಪೂರ್ತಿ ನಿಜ ಆಗಬಹುದಾ? ಆಗುವುದಿಲ್ಲ ಅಂತ ಶಂಕರರು. ಖಂಡಿತ ಆಗಬಹುದು ಅಂತ ಮಧ್ವರು. ದೇವರ ಬಗ್ಗೆ ಇಬ್ಬರೂ ಹೇಳುವ ಬೇರೆ ಬೇರೆ ಮಾತುಗಳು ಹುಟ್ಟುವುದು ಇಲ್ಲಿಂದಲೇ ಅನ್ನುವುದು ನನ್ನ ವಾದ.

ಪರೀಕ್ಷೆಯ ಗೈಡುಗಳಲ್ಲಿ ಸಿಗುವ ಎರಡು ಮಾತನ್ನು ಮೊದಲು ಪಕ್ಕಕ್ಕಿಡೋಣ. 'ಶಂಕರರ ಪ್ರಕಾರ ಜಗತ್ತೇ ಇಲ್ಲ' ಅನ್ನುವುದು ಒಂದು. ಬ್ರಹ್ಮಸೂತ್ರ ಭಾಷ್ಯದಲ್ಲಿ ಹೊರಗಿನ ವಸ್ತುಗಳೆಲ್ಲ ಬರೀ ಮನಸ್ಸಿನ ತೋರಿಕೆ ಅನ್ನುವ ಬೌದ್ಧ ವಿಜ್ಞಾನವಾದಿಗಳಿಗೆ ಉತ್ತರ ಕೊಡುವಾಗ ಅವರೇ ಕಂಬ, ಗೋಡೆ, ಮಡಕೆ, ಬಟ್ಟೆ ಅಂತ ಒಂದೊಂದಾಗಿ ಹೆಸರು ಹೇಳಿ, ಇವು ಹೊರಗೆ ಕಾಣುತ್ತಿರುವಾಗ ಇಲ್ಲ ಅನ್ನುವುದು ಹೇಗೆ ಅಂತ ಕೇಳುತ್ತಾರೆ. ಅದ್ವೈತದಲ್ಲಿ ಜಗತ್ತು ಮೊಲದ ಕೊಂಬಿನ ಹಾಗೆ ಅಸತ್ತಲ್ಲ, ಬ್ರಹ್ಮದ ಹಾಗೆ ಸತ್ತೂ ಅಲ್ಲ. ಎರಡರಲ್ಲಿ ಯಾವುದಕ್ಕೂ ಸೇರದ ಇದನ್ನೇ ಮಿಥ್ಯೆ ಎನ್ನುತ್ತಾರೆ. 'ಮಧ್ವರಿಗೆ ದೇವರು ಒಂದು ಸತ್ಯ, ಜಗತ್ತು ಇನ್ನೊಂದು ಸತ್ಯ, ಎರಡೂ ಸರಿಸಮ' ಅನ್ನುವುದು ಇನ್ನೊಂದು ತಪ್ಪು. ತತ್ತ್ವಸಂಖ್ಯಾನದ ಶುರುವಿನಲ್ಲೇ ಅವರು ತತ್ವವನ್ನು ಸ್ವತಂತ್ರ, ಅಸ್ವತಂತ್ರ ಅಂತ ಭಾಗ ಮಾಡಿ, ಸ್ವತಂತ್ರ ವಿಷ್ಣು ಒಬ್ಬನೇ ಅಂದುಬಿಟ್ಟಿದ್ದಾರೆ. ಲಕ್ಷ್ಮಿಯೂ ಅಸ್ವತಂತ್ರಳೇ. ಸಮಾನತೆಯ ಮಾತು ಎಲ್ಲಿ ಬಂತು?

ಈಗ ಶಂಕರರ ದಾರಿ ನೋಡೋಣ. ಛಾಂದೋಗ್ಯದ ಆರನೇ ಅಧ್ಯಾಯದಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಮಣ್ಣಿನ ಉದಾಹರಣೆ ಕೊಡುತ್ತಾನೆ. ಮಣ್ಣಿನಿಂದ ಆದ ಪಾತ್ರೆಗಳೆಲ್ಲ ಬರೀ ಮಾತು, ಹೆಸರು. ಮಣ್ಣು ಅನ್ನುವುದೇ ಸತ್ಯ. ಮಡಕೆ ಒಡೆದರೂ ಮಣ್ಣು ಉಳಿಯುತ್ತದೆ, ಮಣ್ಣು ಬಿಟ್ಟು ಮಡಕೆ ಇರಲಾರದು. ಹಾಗಾದರೆ ಮಡಕೆಗೆ ತನ್ನದೇ ಇರವು ಎಲ್ಲಿದೆ? ಮೂರು ಕಾಲದಲ್ಲೂ ಅಲ್ಲಗಳೆಯಲಾಗದ್ದೇ ನಿಜ ಅನ್ನುವ ಅಳತೆ ಇಟ್ಟರೆ, ಆಸರೆ ಬೇಕಾದ ಯಾವುದೂ ಆ ಅಳತೆಗೆ ನಿಲ್ಲುವುದಿಲ್ಲ. ನಿಲ್ಲುವುದು ಬ್ರಹ್ಮ ಮಾತ್ರ. ಅದರಲ್ಲಿ ಗುಣ ಬೇರೆ, ಗುಣ ಇರುವವನು ಬೇರೆ ಅಂತ ಒಡಕು ಮಾಡಲೂ ಆಗದು. ತೈತ್ತಿರೀಯದ 'ಸತ್ಯಂ ಜ್ಞಾನಮನಂತಂ ಬ್ರಹ್ಮ' ಅನ್ನುವುದು ಅವರ ಓದಿನಲ್ಲಿ ಬ್ರಹ್ಮಕ್ಕಿರುವ ಮೂರು ಗುಣಗಳ ಲೆಕ್ಕ ಅಲ್ಲ, ಬ್ರಹ್ಮದ ಸ್ವರೂಪ.

ಹಾಗಂತ ಅವರ ದರ್ಶನದಲ್ಲಿ ಈಶ್ವರನಿಗೆ ಜಾಗ ಇಲ್ಲ ಅಂದುಕೊಳ್ಳಬೇಡಿ. ಮಾಯೆಯ ಉಪಾಧಿಯಿಂದ, ಅಂದರೆ ಹೊರಗಿನಿಂದ ಸೇರಿದಂತೆ ತೋರುವ ಮಿತಿಯಿಂದ, ಅದೇ ಬ್ರಹ್ಮ ಜಗತ್ತಿನ ಒಡೆಯ, ಎಲ್ಲ ಬಲ್ಲವನು, ಕರ್ಮಫಲ ಕೊಡುವವನು. ಮಡಕೆಗೆ ಕುಂಬಾರ ಇದ್ದ ಹಾಗೆ ಜಗತ್ತಿಗೆ ನಿಮಿತ್ತ ಕಾರಣವೂ ಅವನೇ, ಮಣ್ಣು ಇದ್ದ ಹಾಗೆ ಉಪಾದಾನ ಕಾರಣವೂ ಅವನೇ. ವ್ಯವಹಾರದ ಮಟ್ಟದಲ್ಲಿ ಪೂಜೆ, ಉಪಾಸನೆ ಎಲ್ಲಕ್ಕೂ ಬೆಲೆ ಇದೆ. ಆದರೆ ಪರಮಾರ್ಥದಲ್ಲಿ ಪೂಜಿಸುವವನು, ಪೂಜೆಗೊಳ್ಳುವವನು ಅನ್ನುವ ಭೇದವೇ ಉಳಿಯದು.

ಮಧ್ವರು (1238–1317) ತಕರಾರು ತೆಗೆಯುವುದು ಆ ಅಳತೆಯ ಬಗ್ಗೆಯೇ. ನಿಜ ಅನ್ನಿಸಿಕೊಳ್ಳಲು ಸದಾಕಾಲ ಇರಬೇಕು ಅಂತ ಯಾಕೆ? ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಇದ್ದರೆ ಸಾಲದೇ? ನಿನ್ನೆ ಒಡೆದ ಮಡಕೆ ಮೊನ್ನೆ ಇತ್ತು. ಈಗ ಇಲ್ಲ ಅಂದ ಮಾತ್ರಕ್ಕೆ ಮೊನ್ನೆಯೂ ಇರಲಿಲ್ಲ ಅಂತ ಆಗುವುದಿಲ್ಲ, ಅಲ್ವಾ? ಹಾಳಾಗುವುದು ಬೇರೆ, ಸುಳ್ಳಾಗುವುದು ಬೇರೆ. ಇಡೀ ಹೋಲಿಕೆಯಲ್ಲಿ ನನಗೆ ತುಂಬಾ ಗಟ್ಟಿ ಅನ್ನಿಸುವ ವಾದ ಇದು.

ಇಲ್ಲಿಂದ ಮುಂದೆ ಮಧ್ವರ ದೇವರ ಕಲ್ಪನೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಜಗತ್ತು ನಿಜ, ಆದರೆ ಅದರ ಇರವು, ನಡೆ, ತಿಳಿವು ಎಲ್ಲವೂ ವಿಷ್ಣುವಿನ ಕೈಯಲ್ಲಿದೆ. ಸುಳ್ಳು ಜಗತ್ತಿಗೆ ಒಡೆಯನಾದರೆ ಅದೆಂಥ ಒಡೆತನ? ನಿಜವಾದುದನ್ನು ಆಳುವವನದೇ ದೊಡ್ಡಸ್ತಿಕೆ. ಅವನು ಗುಣಪೂರ್ಣ. ಶ್ರುತಿ ನಿರ್ಗುಣ ಅಂದರೆ ಸತ್ವ, ರಜಸ್ಸು, ತಮಸ್ಸು ಅವನಿಗೆ ಅಂಟಿಲ್ಲ ಅಂತ ಅರ್ಥ. ಇಷ್ಟೊಂದು ಗುಣಗಳಿದ್ದರೆ ದೇವರಲ್ಲೇ ಒಡಕು ಬರುವುದಿಲ್ಲವೇ ಅಂತ ಕೇಳಿದರೆ ಅವರ ಬಳಿ 'ವಿಶೇಷ' ಅನ್ನುವ ಉತ್ತರ ಇದೆ. ಗುಣಗಳು ದೇವರಿಗಿಂತ ಬೇರೆ ಅಲ್ಲ, ಆದರೂ ಬೇರೆ ಬೇರೆಯಾಗಿ ಹೇಳಲು ಬರುವಂತೆ ಮಾಡುವ ಶಕ್ತಿ ವಸ್ತುವಿನಲ್ಲೇ ಇದೆ. ದೇವರು ನಿಮಿತ್ತ ಕಾರಣ ಮಾತ್ರ. ಉಪಾದಾನ ಕಾರಣ ಪ್ರಕೃತಿ. ಚೇತನನಾದವನು ಜಡವಾಗಿ ಬದಲಾಗುತ್ತಾನೆ ಅನ್ನುವುದನ್ನು ಮಧ್ವರು ಒಪ್ಪುವುದಿಲ್ಲ. ನಿಜವಾಗಿ ಬದಲಾಗುತ್ತಾನೆ ಅಂತ ಅದ್ವೈತಿಗಳೂ ಹೇಳುವುದಿಲ್ಲ, ಹಾಗೆ ತೋರುತ್ತದೆ ಅಷ್ಟೇ ಅನ್ನುತ್ತಾರೆ. ಚರ್ಚೆಯಲ್ಲಿ ಈ ವ್ಯತ್ಯಾಸ ಬಿಟ್ಟರೆ ಶಂಕರರಿಗೆ ಅನ್ಯಾಯ ಆಗುತ್ತದೆ.

ಛಾಂದೋಗ್ಯದ 'ತತ್ತ್ವಮಸಿ', ಅಂದರೆ 'ಅದು ನೀನೇ' ಅನ್ನುವ ವಾಕ್ಯ ಇಬ್ಬರಿಗೂ ದೊಡ್ಡ ಪರೀಕ್ಷೆ. ಅದ್ವೈತಿಗಳು 'ಅದು' ಅನ್ನುವುದರಿಂದ ಸರ್ವಜ್ಞತೆ ಮುಂತಾದ ಉಪಾಧಿ, 'ನೀನು' ಅನ್ನುವುದರಿಂದ ಅಲ್ಪತೆ ಬಿಟ್ಟು, ಉಳಿದ ಚೈತನ್ಯ ಒಂದೇ ಎನ್ನುತ್ತಾರೆ. ಮಧ್ವರು 'ಸ ಆತ್ಮಾತತ್ತ್ವಮಸಿ' ಅನ್ನುವುದನ್ನು 'ಅತತ್ ತ್ವಮಸಿ', ಅಂದರೆ ಅದು ನೀನಲ್ಲ ಅಂತ ಬಿಡಿಸಿದ್ದು ಪ್ರಸಿದ್ಧ. ಜನ ಇದನ್ನು ಸಂಧಿಯ ಚಮತ್ಕಾರ ಅಂತ ನಕ್ಕು ಮುಂದೆ ಹೋಗುತ್ತಾರೆ. ಅವರ ಬಲ ಇರುವುದು ಸುಮ್ನೆ ಸಂಧಿಯಲ್ಲಲ್ಲ, ಉಪಜೀವ್ಯ ವಿರೋಧ ಅನ್ನುವ ವಾದದಲ್ಲಿ. ದೇವರು ಸರ್ವಜ್ಞ ಅಂತ ನಮಗೆ ಗೊತ್ತಾಗುವುದು ಶ್ರುತಿಯಿಂದ. ನಾನು ಅಲ್ಪ, ದುಃಖಿ ಅಂತ ಗೊತ್ತಾಗುವುದು ಸಾಕ್ಷಿಯ, ಅಂದರೆ ಒಳಗೇ ತಿಳಿಯುವ ಆತ್ಮದ ಅನುಭವದಿಂದ. ಐಕ್ಯ ಹೇಳುವ ವಾಕ್ಯ ಈ ಎರಡು ತಿಳಿವಿನ ಮೇಲೆ ನಿಂತಿದೆ. ತಾನು ನಿಂತ ನೆಲವನ್ನೇ ಅದು ಅಲ್ಲಗಳೆಯಬಹುದೇ? ಬಿಡುವುದು ಉಪಾಧಿಯನ್ನು ಮಾತ್ರ, ಅನುಭವದ ವ್ಯಾವಹಾರಿಕ ಸತ್ಯವನ್ನು ನಾವು ಮುಟ್ಟಿಲ್ಲ ಅನ್ನುವುದು ಅದ್ವೈತದ ಉತ್ತರ. ಮಧ್ವರ ಪಂಥದ ವ್ಯಾಸತೀರ್ಥರ ನ್ಯಾಯಾಮೃತ, ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳ ಅದ್ವೈತಸಿದ್ಧಿ ಇಂಥ ವಾದಗಳನ್ನು ಕೂದಲು ಸೀಳಿದಂತೆ ಬೆಳೆಸಿವೆ.

ಬಿಂಬ-ಪ್ರತಿಬಿಂಬದ ಮಾತೂ ಇಬ್ಬರಲ್ಲೂ ಇದೆ. ಅದ್ವೈತದ ವಿವರಣ ಪಂಥದಲ್ಲಿ ಪ್ರತಿಬಿಂಬ ಅಂದರೆ ಬಿಂಬವೇ, ಬೇರೆ ಅನ್ನುವುದು ಭ್ರಮೆ. ದ್ವೈತದಲ್ಲಿ ಜೀವ ಪ್ರತಿಬಿಂಬ ಅಂದರೆ ದೇವರನ್ನು ಒಂದಿಷ್ಟು ಹೋಲುತ್ತಾನೆ, ಪೂರ್ತಿ ಅವನ ಅಧೀನ ಅಂತ. ಕನ್ನಡಿ ತೆಗೆದರೂ ಈ ಪ್ರತಿಬಿಂಬ ಹೋಗುವುದಿಲ್ಲ. ಮುಕ್ತಿಯಲ್ಲೂ ಜೀವ ಜೀವನೇ, ಅಲ್ಲೂ ಆನಂದದಲ್ಲಿ ತಾರತಮ್ಯ ಇದೆ.

ನಮ್ಮ ಪಕ್ಕದ ಹರಿಹರದ ಗುಡಿಯನ್ನು ಅದ್ವೈತಕ್ಕೆ ಸಾಕ್ಷಿ ಅಂತ ಎತ್ತುವವರು ಇಲ್ಲಿ ಜಾಸ್ತಿ. ಮಧ್ವರು ಹುಟ್ಟುವುದಕ್ಕೆ ಕೆಲವೇ ವರ್ಷ ಮೊದಲು ಹೊಯ್ಸಳರ ಕಾಲದಲ್ಲಿ ಎದ್ದ ಗುಡಿ ಅದು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಆದರೆ ಅದು ಹೇಳುವುದು ಇಬ್ಬರು ದೇವರ ಒಂದಾಗುವಿಕೆ. ಜೀವ ಬ್ರಹ್ಮ ಒಂದೇ ಅಂತ ಅಲ್ಲಿ ಎಲ್ಲೂ ಇಲ್ಲ. ಶಂಕರರ ಲೆಕ್ಕದಲ್ಲಿ ಅರ್ಧ-ಅರ್ಧ ಇರುವ ಆ ಮೂರ್ತಿಯೂ ಸಗುಣವೇ. ಮಧ್ವರ ಲೆಕ್ಕದಲ್ಲಿ ಹರಿ ಸರ್ವೋತ್ತಮ, ರುದ್ರ ಅವನ ಅಧೀನದ ಹಿರಿಯ ದೇವತೆ. ಆ ಎರಡು ಅರ್ಧ ಸಮ ಅಂದರೆ ಅವರು ಒಪ್ಪುವುದಿಲ್ಲ.

ಎರಡೂ ಕಡೆ ಬಿಡಿಸಲು ಕಷ್ಟವಾದ ಗಂಟು ಇದೆ. ಅವಿದ್ಯೆ ಯಾರದು ಅಂತ ಅದ್ವೈತಿಯನ್ನು ಕೇಳಿ. ಬ್ರಹ್ಮದ್ದು ಅಂದರೆ ಜ್ಞಾನಸ್ವರೂಪಕ್ಕೆ ಅಜ್ಞಾನ ಅಂಟುತ್ತದೆ. ಜೀವನದು ಅಂದರೆ ಜೀವನೇ ಅವಿದ್ಯೆಯಿಂದ ಆದವನು. ವಿವರಣದವರು ಮೊದಲನೆಯದನ್ನೂ ಅದ್ವೈತದ ಇನ್ನೊಂದು ಪಂಥವಾದ ಭಾಮತಿಯವರು ಎರಡನೆಯದನ್ನೂ ಹಿಡಿದರು. ದ್ವೈತಿಗೆ ಕೇಳಬೇಕಾದ್ದು ಬೇರೆ. ಮುಕ್ತಿಯೋಗ್ಯ, ನಿತ್ಯಸಂಸಾರಿ, ಕೊನೆಯಿಲ್ಲದ ಕತ್ತಲೆಗೆ ಬೀಳುವ ತಮೋಯೋಗ್ಯ ಅಂತ ಜೀವರಲ್ಲಿ ಮೂರು ಬಗೆ, ಆ ಸ್ವಭಾವ ಎಂದೂ ಬದಲಾಗದು ಅನ್ನುತ್ತೀರಿ. ಎಲ್ಲವೂ ದೇವರ ಅಧೀನ ಅಂತಲೂ ಅನ್ನುತ್ತೀರಿ. ಹಾಗಾದರೆ ತಮೋಯೋಗ್ಯನ ಗತಿಗೆ ಹೊಣೆ ದೇವರೇ ಅಲ್ಲವೇ? ಆ ಸ್ವಭಾವ ಅನಾದಿ, ದೇವರು ಹೊಸದಾಗಿ ಹುಟ್ಟಿಸಿದ್ದಲ್ಲ ಅಂತ ಅವರು ಉತ್ತರಿಸುತ್ತಾರೆ. ಅನಾದಿಯಾದದ್ದೂ ಅವನ ಅಧೀನ ಅಂತ ಅವರೇ ಹೇಳುವುದರಿಂದ ಪ್ರಶ್ನೆ ಅಲ್ಲಿಗೆ ನಿಲ್ಲುವುದಿಲ್ಲ. ಚರ್ಚೆಯನ್ನು ಇಲ್ಲಿಂದಲೇ ಶುರು ಮಾಡಬಹುದು.