10ನೇ ತರಗತಿ ಇತಿಹಾಸ: ಆಂತರಿಕ ಅಂಕಗಳ ಬಗ್ಗೆ ಪೋಷಕರಿಗೆ

ಪೋಷಕರಿಗೆ ನಮಸ್ಕಾರ.

ಎರಡನೇ ಎಫ್‌ಎ ಅಂಕಗಳನ್ನು ಮಕ್ಕಳ ಕೈಲಿ ಕಳಿಸಿದ ಮೇಲೆ ಕೆಲವರು ಫೋನ್ ಮಾಡಿದಿರಿ. "ಆಲ್ಬಮ್ ಅಷ್ಟು ಚೆನ್ನಾಗಿತ್ತಲ್ಲ ಮೇಡಂ, 15ಕ್ಕೆ 7 ಯಾಕೆ?" ಎಂದು ಕೇಳಿದವರೇ ಜಾಸ್ತಿ. ಅದಕ್ಕೇ ಲೆಕ್ಕವನ್ನು ಎಲ್ಲರಿಗೂ ಬರೆದು ತಿಳಿಸುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ 100 ಅಂಕಗಳಲ್ಲಿ 80 ಮಾತ್ರ ಬೋರ್ಡ್ ಪರೀಕ್ಷೆಯದು. ಉಳಿದ 20 ನಾಲ್ಕು ಎಫ್‌ಎಗಳಿಂದ ಬರುತ್ತವೆ. ಒಂದೊಂದು ಎಫ್‌ಎಗೆ 50 ಅಂಕ: ಎರಡು ಚಟುವಟಿಕೆಗೆ ತಲಾ 15, ಕಿರುಪರೀಕ್ಷೆಗೆ 20. ನಾಲ್ಕೂ ಸೇರಿ 200. ಅದನ್ನು 20ಕ್ಕೆ ಇಳಿಸುತ್ತೇವೆ. ಒಬ್ಬ ಹುಡುಗನಿಗೆ 38, 41, 29, 42 ಬಂದಿದೆ ಅನ್ನಿ. ಮೊತ್ತ 150, ಅಂದರೆ ಆಂತರಿಕ ಅಂಕ 15. ಮೂರನೇ ಎಫ್‌ಎಯಲ್ಲಿ ಅವನು ಸುಮ್ನೆ ಕೂತಿದ್ದಕ್ಕೆ ಒಂದು ಅಂಕಕ್ಕಿಂತ ಹೆಚ್ಚೇ ಹೋಯಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಷ್ಟೇ ತೆಗೆದರೂ ಅದು ಇದಕ್ಕೆ ಸೇರುವುದಿಲ್ಲ.

ಈಗ ಆಲ್ಬಮ್ ವಿಷಯ. ಚಟುವಟಿಕೆಯ 15 ಅಂಕಗಳನ್ನು ನಾನು ಮೂರು ಪಾಲು ಮಾಡುತ್ತೇನೆ. ಮಾಹಿತಿ ಕಲೆಹಾಕಿದ್ದಕ್ಕೆ 5, ಸ್ವಂತ ಮಾತಲ್ಲಿ ಬರೆದಿದ್ದಕ್ಕೆ 5, ನಾನು ಕೇಳಿದ ಪ್ರಶ್ನೆಗೆ ಉತ್ತರ ಹೇಳಿದ್ದಕ್ಕೆ 5. ಅಂಗಡಿಯಿಂದ ತಂದ ಚಾರ್ಟು, ಥರ್ಮಾಕೋಲು, ಮಿಂಚುವ ಅಂಚು ಇವಕ್ಕೆ ಒಂದು ಅಂಕವೂ ಇಲ್ಲ. ಕಿತ್ತೂರು ಚೆನ್ನಮ್ಮನ ಚಿತ್ರ ಅಂಟಿಸಿ, ಅವಳು ಬ್ರಿಟಿಷರ ಮೇಲೆ ಯಾಕೆ ತಿರುಗಿಬಿದ್ದಳು ಎಂದರೆ ಸುಮ್ಮನೆ ನಿಂತರೆ ಹೇಗೆ ಕೊಡಲಿ? ದತ್ತು ಮಗನಿಗೆ ಹಕ್ಕಿಲ್ಲ ಎಂದರು ಮೇಡಂ, ಅಂತ ಒಂದು ಸಾಲು ಹೇಳಿದ್ದರೂ ಸಾಕಿತ್ತು.

ಮೂರನೇ ಎಫ್‌ಎಗೆ ಕೊಟ್ಟಿರುವ ಚಟುವಟಿಕೆ 1942ರ ಈಸೂರು ಹೋರಾಟ. ನಾವಿರುವುದೇ ಶಿಕಾರಿಪುರ ತಾಲ್ಲೂಕಿನಲ್ಲಿ, ಈಸೂರು ದೂರವೇನಲ್ಲ ಅಲ್ವಾ? "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಮಾತು ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ಮಗು ಕೇಳಿ ಬರೆಯಲಿ. ಎರಡು ಹಾಳೆ ಸಾಕು. ಅಕ್ಷರ ದುಂಡಗಿಲ್ಲದಿದ್ದರೂ, ಕಾಗುಣಿತ ತಪ್ಪಿದ್ದರೂ ಅಂಕ ಕಡಿಮೆ ಮಾಡುವುದಿಲ್ಲ. ನೀವು ಬರೆದುಕೊಡಬೇಡಿ, ದಯವಿಟ್ಟು. ನಿಮ್ಮ ಅಕ್ಷರ ನನಗೆ ಗುರುತು ಸಿಗುತ್ತದೆ.

ಕಿರುಪರೀಕ್ಷೆಯ ದಿನ ಹುಷಾರಿಲ್ಲದಿದ್ದರೆ ರಜೆ ಚೀಟಿ ಕಳಿಸಿ, ಅದೇ ವಾರದಲ್ಲಿ ಇನ್ನೊಮ್ಮೆ ಬರೆಸುತ್ತೇನೆ. ಅಂಕಪಟ್ಟಿ ನೋಡಬೇಕಾದವರು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬನ್ನಿ. ಮಗುವನ್ನೂ ಕರೆದುಕೊಂಡು ಬನ್ನಿ, ಉತ್ತರ ಪತ್ರಿಕೆ ಮುಂದಿಟ್ಟುಕೊಂಡೇ ಮಾತಾಡೋಣ. ಈ ಪತ್ರದ ಕೆಳಗೆ ಸಹಿ ಮಾಡಿ ಸೋಮವಾರ ವಾಪಸ್ ಕಳಿಸಿ.

ಇಂತಿ,
ಇತಿಹಾಸ ಶಿಕ್ಷಕಿ, 10ನೇ ತರಗತಿ