ನನ್ನ ಪರಿಚಯ: ಆರು ಕೆಲಸ, ಒಂದೇ ಕಾಫಿ

ಕೊಪ್ಪ ತಾಲ್ಲೂಕಿನಲ್ಲಿ ಆರು ಎಕರೆ ಕಾಫಿ ತೋಟವಿರುವ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದ್ದು. ಈಗ ಸಣ್ಣ ಬೆಳೆಗಾರರಿಗೆ ಕಾಫಿಯ ಗುಣಮಟ್ಟದ ಬಗ್ಗೆ ಸಲಹೆ ಕೊಡುತ್ತೇನೆ. ಹಣ್ಣನ್ನು ಯಾವಾಗ ಕೊಯ್ಯಬೇಕು ಅನ್ನುವುದರಿಂದ ಹಿಡಿದು, ಒಣಗಿದ ಮಾಲನ್ನು ಯಾವ ಲೆಕ್ಕದಲ್ಲಿ ಮಾರಬೇಕು ಅನ್ನುವವರೆಗೂ ನನ್ನ ಕೆಲಸ ಇದೆ. 2025ರ ಏಪ್ರಿಲ್‌ನಿಂದ ಇದನ್ನು ಸ್ವಂತವಾಗಿ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ, ಹನ್ನೊಂದು ವರ್ಷ ತುಂಬುವುದರೊಳಗೆ ಆರು ಕಡೆ ಕೆಲಸ ಮಾಡಿದ್ದೆ.

ಆ 'ಆರು ಕಡೆ' ಅನ್ನುವಲ್ಲಿ ನೀವು ಒಂದು ಕ್ಷಣ ನಿಂತಿರಬಹುದು. ಎಲ್ಲರೂ ನಿಲ್ಲುತ್ತಾರೆ. ನಮ್ಮ ದೊಡ್ಡಪ್ಪ ಪ್ರತಿ ದೀಪಾವಳಿಗೂ "ಈ ಸಲ ಎಲ್ಲಿದೀಯ ಮಾರಾಯ್ತಿ? ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ" ಅನ್ನುತ್ತಿದ್ದರು. ಕೆಲಸಕ್ಕೆ ಕರೆದವರು ಅದನ್ನೇ ಇನ್ನಷ್ಟು ಮರ್ಯಾದೆಯಿಂದ ಕೇಳುತ್ತಿದ್ದರು. ಹಾಗಾಗಿ ಆ ಆರನ್ನೂ ಮುಚ್ಚಿಡದೆ, ತಿಂಗಳ ಲೆಕ್ಕದ ಸಮೇತ ಇಲ್ಲಿ ಬರೆದಿದ್ದೇನೆ. ನಿಮ್ಮ ತೋಟಕ್ಕೆ ನನ್ನನ್ನು ಕರೆಯಬೇಕೋ ಬೇಡವೋ ಅನ್ನುವುದನ್ನು ಓದಿದ ಮೇಲೆ ನೀವೇ ತೀರ್ಮಾನಿಸಿ.

ಮೊದಲಿಗೆ ಒಂದು ಮಾತು. ಕಾಫಿಯಲ್ಲಿ ಕಾಲವನ್ನು ಅಳೆಯುವುದು ಫಸಲಿನಿಂದ. ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಅರಳಿದ ಅರೇಬಿಕಾ ನವೆಂಬರ್ ಹೊತ್ತಿಗೆ ಹಣ್ಣಾಗುತ್ತದೆ. ಕೊಯ್ದು, ಪಲ್ಪ್ ಮಾಡಿ, ಕಣದಲ್ಲಿ ಒಣಗಿಸಿ, ಕ್ಯೂರಿಂಗ್ ವರ್ಕ್ಸ್ ಸೇರಿಸುವಷ್ಟರಲ್ಲಿ ಮುಂದಿನ ಹೂ ಬಂದಿರುತ್ತದೆ. ಒಂದು ಜಾಗದಲ್ಲಿ ಒಂದು ಫಸಲನ್ನು ಆರಂಭದಿಂದ ಕೊನೆಯವರೆಗೆ ನೋಡಿದರೆ ಅಲ್ಲಿನ ಕೆಲಸ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ. ಅದರಲ್ಲಿ ಪಳಗಲು ಇನ್ನೂ ಹಲವು ಫಸಲು ಬೇಕು, ನಿಜ. ನನಗೆ ಬೇಕಾಗಿದ್ದದ್ದು ಒಂದೇ ಜಾಗದಲ್ಲಿ ಪಳಗುವುದಲ್ಲ, ಕಾಫಿಯ ಹಿಂದೆಯೇ ಹೋಗಿ ಅದು ಕೈ ಬದಲಾಗುವ ಕಡೆಯಲ್ಲೆಲ್ಲ ನಿಂತು ನೋಡುವುದು.

2014ರ ಜುಲೈನಿಂದ 2016ರ ಫೆಬ್ರುವರಿವರೆಗೆ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ಸಹಾಯಕ ಮೇಲ್ವಿಚಾರಕಿಯಾಗಿದ್ದೆ. ಇಪ್ಪತ್ತು ತಿಂಗಳು, ಎರಡು ಕೊಯ್ಲು. ಬೆಳಿಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ, ರಾತ್ರಿ ಪಲ್ಪರ್ ಹತ್ತಿರ. ಕಾಂಡಕೊರಕ ಹೊಕ್ಕ ಗಿಡವನ್ನು ದೂರದಿಂದಲೇ ಗುರುತು ಹಿಡಿಯುವುದನ್ನು ನನಗೆ ಕಲಿಸಿದವರು ಅಲ್ಲಿನ ಮೇಸ್ತ್ರಿ. ಪುಸ್ತಕದ ಚಿತ್ರ ನೋಡಿ ಅದು ಬರುವುದಿಲ್ಲ. ಪಾರ್ಚ್‌ಮೆಂಟ್ ತುಂಬಿದ ಲಾರಿ ಗೇಟು ದಾಟಿದ ಮೇಲೆ ಮಾತ್ರ ನಮಗೆ ಏನೂ ತಿಳಿಯುತ್ತಿರಲಿಲ್ಲ. ಎರಡು ವಾರ ಬಿಟ್ಟು ಒಂದು ಕಾಗದ ಬರುತ್ತಿತ್ತು, ಅದರಲ್ಲಿ ಔಟ್‌ಟರ್ನ್, ಗ್ರೇಡು, ಕಡಿತ. ಆ ಅಂಕಿಗಳು ಎಲ್ಲಿ ಹುಟ್ಟುತ್ತವೆ ಎಂದು ಕೇಳಿದರೆ "ಹಾಸನದಲ್ಲಿ" ಅನ್ನುತ್ತಿದ್ದರು.

ಹಾಸನಕ್ಕೇ ಹೋದೆ. 2016ರ ಮಾರ್ಚ್‌ನಿಂದ 2017ರ ಮೇವರೆಗೆ, ಹದಿನೈದು ತಿಂಗಳು, ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ರೊಬಸ್ಟಾ ಚೆರ್ರಿ ಮಾರುವವರಿಗೆ ಓಟಿ ಗೊತ್ತೇ ಇರುತ್ತದೆ: 50 ಕೆ.ಜಿ. ಚೀಲದಲ್ಲಿ ಎಷ್ಟು ಕೆ.ಜಿ. ಕ್ಲೀನ್ ಕಾಫಿ ಸಿಗುತ್ತದೋ ಅಷ್ಟು ಓಟಿ. ದರ ನಿಂತಿರುವುದು ಅದರ ಮೇಲೆ. 27 ಇರುವ ಮಾಲನ್ನು 26 ಎಂದು ಬರೆದುಕೊಟ್ಟರೆ 200 ಚೀಲಕ್ಕೆ 200 ಕೆ.ಜಿ. ಕ್ಲೀನ್ ಕಾಫಿ ಬೆಳೆಗಾರನ ಲೆಕ್ಕದಿಂದ ಜಾರಿಹೋಗುತ್ತದೆ. ಸ್ಯಾಂಪಲನ್ನು ಚೀಲದ ಬಾಯಿಂದ ತೆಗೆದರೆ ಒಂದು ಓಟಿ, ತಳದಿಂದ ತೆಗೆದರೆ ಇನ್ನೊಂದು ಬರಬಹುದು ಅನ್ನುವುದನ್ನು ಅಲ್ಲಿ ನನ್ನ ಕೈಯಾರೆ ಮಾಡಿ ನೋಡಿದೆ. ಈಗ ನಾನು ಯಾರ ತೋಟಕ್ಕೆ ಹೋದರೂ ಮೊದಲು ಕಲಿಸುವುದು ಮನೆಯಲ್ಲೇ ಓಟಿ ತೆಗೆಯುವುದನ್ನು. ಆ ಕ್ಯೂರಿಂಗ್ ವರ್ಕ್ಸ್‌ನವರು ಇವತ್ತಿಗೂ ಪ್ರತಿ ಜನವರಿಯಲ್ಲಿ ಹೊಸ ಹುಡುಗರಿಗೆ ಎರಡು ದಿನ ಹೇಳಿಕೊಡಲು ನನ್ನನ್ನು ಕರೆಸುತ್ತಾರೆ.

ಇಷ್ಟರವರೆಗಿನ ಬದಲಾವಣೆ ಯೋಚಿಸಿ ಹಾಕಿದ ಯೋಜನೆಯಾಗಿತ್ತು ಅಂದರೆ ಸುಳ್ಳಾಗುತ್ತದೆ. ಕುತೂಹಲ ಇತ್ತು, ಹಾಸನದಲ್ಲಿ ಸಂಬಳವೂ ಸ್ವಲ್ಪ ಹೆಚ್ಚಿತ್ತು. ಯೋಜನೆ ಅನ್ನುವುದು ಹುಟ್ಟಿದ್ದು 2019ರಲ್ಲಿ, ಬೆಂಗಳೂರಿನ ಒಂದು ಕಪ್ಪಿಂಗ್ ಮೇಜಿನ ಮುಂದೆ.

2017-18ರಲ್ಲಿ ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಮುಗಿಸಿ, 2018ರ ನವೆಂಬರ್‌ನಲ್ಲಿ ಒಂದು ಖಾಸಗಿ ಲ್ಯಾಬ್ ಸೇರಿದ್ದೆ. 8.25 ಗ್ರಾಂ ಪುಡಿಗೆ 150 ಮಿ.ಲೀ. ಬಿಸಿನೀರು, ನಾಲ್ಕು ನಿಮಿಷ ಬಿಟ್ಟು ಮೇಲಿನ ಪೊರೆ ಒಡೆಯುವುದು, ಮೂಗು ಬಟ್ಟಲಿಗೆ ತಾಗುವಷ್ಟು ಬಗ್ಗುವುದು. ದಿನಕ್ಕೆ ಮೂವತ್ತು ಸ್ಯಾಂಪಲ್ ಇರುತ್ತಿದ್ದವು. ಒಂದು ಬೆಳಿಗ್ಗೆ ನೋಡಲು ಲಕ್ಷಣವಾಗಿದ್ದ ಒಂದು ಲಾಟ್ ಬಂತು. ಬೀಜವೆಲ್ಲ 6.65 ಮಿ.ಮೀ. ಜರಡಿಯ ಮೇಲೆ ನಿಂತ ಎ ಗ್ರೇಡ್, ನೀಲಿ ಹಸಿರು ಬಣ್ಣ, ಒಡಕಿಲ್ಲ. ಪೊರೆ ಒಡೆದಾಗ ಹಳಸಿದ ಈರುಳ್ಳಿಯ ವಾಸನೆ ಬಂತು. ಪಕ್ಕದಲ್ಲಿದ್ದ ಹಿರಿಯರು ತಲೆ ಎತ್ತದೆ, "ತೊಟ್ಟೀಲಿ ಒಂದು ರಾತ್ರಿ ಜಾಸ್ತಿ ಇಟ್ಟಿದಾರೆ ಕಣಮ್ಮ" ಅಂದರು.

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. 2015ರ ಜನವರಿಯಲ್ಲಿ, ಮೂಡಿಗೆರೆಯಲ್ಲಿ, ಲೋಳೆ ಬಿಟ್ಟಿದ್ದ ಪಾರ್ಚ್‌ಮೆಂಟನ್ನು ಆ ಸಂಜೆಯೇ ತೊಳೆಯಬೇಕಾಗಿತ್ತು. ಆಳುಗಳು ದಣಿದಿದ್ದರು. "ನಾಳೆ ಬೆಳಿಗ್ಗೆ ತೊಳೆಯೋಣ ಬಿಡಿ" ಎಂದವಳು ನಾನೇ. ಬೆಳಿಗ್ಗೆ ಮೋಟರ್ ಕೈಕೊಟ್ಟಿತು, ತೊಳೆದು ಮುಗಿಸುವಾಗ ಮಧ್ಯಾಹ್ನ ಮೂರು ಗಂಟೆ. ಮುಂದೆ ಚೆನ್ನಾಗಿಯೇ ಒಣಗಿತು, ಯಾರೂ ಒಂದು ಮಾತು ಅನ್ನಲಿಲ್ಲ. ಹಾಸನದಲ್ಲಿದ್ದಾಗ ಇಂಥ ಎಷ್ಟು ಲಾಟುಗಳನ್ನು ಗಾತ್ರ, ಬಣ್ಣ ನೋಡಿ ಎ ಗ್ರೇಡ್ ಎಂದು ನಾನೇ ದಾಟಿಸಿದ್ದೆನೋ. ಜರಡಿಗೆ ಮೂಗಿಲ್ಲವಲ್ಲ. ತಪ್ಪು ಮಾಡಿದವಳೂ ನಾನೇ, ಅದನ್ನು ಪಾಸು ಮಾಡಿದವಳೂ ನಾನೇ, ನಾಲ್ಕು ವರ್ಷದ ನಂತರ ಅದರ ರುಚಿ ನೋಡಿ ಉಗಿದವಳೂ ನಾನೇ. ಎಸ್ಟೇಟಿನಲ್ಲೇ ಉಳಿದಿದ್ದರೆ ಇವತ್ತಿಗೂ ಆ ರಾತ್ರಿ ನನ್ನ ಲೆಕ್ಕದಲ್ಲಿ ತಪ್ಪೇ ಆಗಿರುತ್ತಿರಲಿಲ್ಲ.

ಮುಂದೆ ಎಲ್ಲಿಗೆ ಹೋಗಬೇಕು ಎಂಬ ಪಟ್ಟಿಯನ್ನು ಆ ವಾರವೇ ಬರೆದೆ: ಹುರಿಯುವವರು, ರಫ್ತು ಮಾಡುವವರು, ಕೊನೆಗೆ ವಾಪಸ್ ಬೆಳೆಗಾರರ ಹತ್ತಿರ. ಅದೇ ಕ್ರಮದಲ್ಲಿ ಹೋದೆ. ಒಂದು ವಿಷಯ ಒಪ್ಪಿಕೊಳ್ಳಬೇಕು. ಲ್ಯಾಬನ್ನು ಒಂದೇ ವರ್ಷಕ್ಕೆ ಬಿಟ್ಟದ್ದು ಆತುರವಾಯಿತು. ಇನ್ನೊಂದು ಫಸಲಿನ ಸ್ಯಾಂಪಲ್‌ಗಳನ್ನು ಅದೇ ಮೇಜಿನಲ್ಲಿ ಕುಡಿದಿದ್ದರೆ ನನ್ನ ನಾಲಿಗೆ ಇನ್ನೂ ಹರಿತವಾಗುತ್ತಿತ್ತು.

ರೋಸ್ಟರಿಯಲ್ಲಿ ಇದ್ದದ್ದು ಏಳೇ ತಿಂಗಳು, 2019ರ ನವೆಂಬರ್‌ನಿಂದ 2020ರ ಮೇವರೆಗೆ. ಆ ಕೆಲಸವನ್ನು ನಾನು ಬಿಡಲಿಲ್ಲ. ಮಾರ್ಚ್‌ನ ಲಾಕ್‌ಡೌನಿನಲ್ಲಿ ಕೆಫೆಗಳು ಮುಚ್ಚಿದವು, ಬ್ಯಾಚು ನಿಂತವು, ಕೊನೆಗೆ ಸೇರಿದವರನ್ನು ಮೊದಲು ಕಳಿಸಿದರು. ಇದನ್ನು 'ಬೆಳವಣಿಗೆ' ಎಂದು ಕರೆಯುವ ಆಸೆ ನನಗಿಲ್ಲ. ಆದರೂ ಒಂದನ್ನು ಕಲಿತೆ: ಹುರಿಯುವವನಿಗೆ ಅತ್ಯುತ್ತಮ ಕಾಫಿಗಿಂತ ಪ್ರತಿ ಚೀಲದಲ್ಲೂ ಒಂದೇ ಥರ ಇರುವ ಕಾಫಿ ಮುಖ್ಯ. ತೇವಾಂಶ ಒಂದು ಚೀಲದಲ್ಲಿ 10, ಇನ್ನೊಂದರಲ್ಲಿ 13 ಇದ್ದರೆ ಅವನ ಇಡೀ ದಿನ ಹಾಳು.

ಊರಿಗೆ ಬಂದು ಹದಿನಾರು ತಿಂಗಳು ಅಪ್ಪನ ತೋಟ ನೋಡಿಕೊಂಡೆ. ಅದನ್ನು ಕೆಲಸ ಎಂದು ಎಣಿಸಿಲ್ಲ. ಎಣಿಸಬೇಕು ಎನ್ನುತ್ತಾರೆ ಅಮ್ಮ.

2021ರ ಅಕ್ಟೋಬರ್‌ನಿಂದ ಹದಿನೈದು ತಿಂಗಳು ಮಂಗಳೂರಿನಲ್ಲಿ ಒಬ್ಬ ರಫ್ತುದಾರರ ಕಚೇರಿಯಲ್ಲಿದ್ದೆ. ಹೆಚ್ಚಿನದು ಕಾಗದದ ಕೆಲಸ, ಹೇಳಿಕೊಳ್ಳುವಂಥ ಕಥೆಗಳಿಲ್ಲ. ಖರೀದಿದಾರ ಒಪ್ಪಿದ ಸ್ಯಾಂಪಲ್ಲಿಗೂ ಕಂಟೇನರಿಗೆ ತುಂಬುವ ಮಾಲಿಗೂ ತಾಳೆಯಾಗದಿದ್ದರೆ ಆಗುವ ನಷ್ಟ ಎಷ್ಟೆಂದು ಅಲ್ಲಿ ಕಂಡೆ.

2023ರ ಜನವರಿಯಿಂದ 2025ರ ಮಾರ್ಚ್‌ವರೆಗೆ ಬೆಳೆಗಾರರೇ ಕಟ್ಟಿಕೊಂಡ ಒಂದು ಉತ್ಪಾದಕ ಕಂಪನಿಯಲ್ಲಿ ಗುಣಮಟ್ಟದ ಜವಾಬ್ದಾರಿ. ಇಪ್ಪತ್ತೇಳು ತಿಂಗಳು, ನಾನು ಅತಿ ಹೆಚ್ಚು ಕಾಲ ನಿಂತ ಜಾಗ. ನಾನು ಸೇರಿದ ವರ್ಷವೇ ಐರೋಪ್ಯ ಒಕ್ಕೂಟದ ಕಾಡುನಾಶ ತಡೆ ನಿಯಮ ಬಂತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿ ಮಾರುವಂತಿಲ್ಲ, ಪ್ರತಿ ತೋಟದ ಸ್ಥಳ ಗುರುತು ಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ ಸುತ್ತಳತೆ ಬೇಕು, ಸಣ್ಣದಕ್ಕೆ ಒಂದು ಬಿಂದು ಸಾಕು. ಸರ್ವೆ ಅಂದ ಕೂಡಲೇ ಒತ್ತುವರಿ ಕೇಸಿನ ಭಯದಲ್ಲಿ ಬಾಗಿಲು ಹಾಕಿಕೊಂಡ ಮನೆಗಳಿದ್ದವು. ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಎರಡನೇ ಸಲ, ಮೂರನೇ ಸಲ ಹೋಗಿ 140 ತೋಟಗಳ ಗುರುತು ಮಾಡಿಸಿದೆ. ಎಸ್ಟೇಟಿನ ಭಾಷೆ, ಕ್ಯೂರಿಂಗ್ ಲೆಕ್ಕ, ಮಂಗಳೂರಿನ ಕಾಗದ ಮೂರೂ ಗೊತ್ತಿದ್ದದ್ದು ಅಲ್ಲಿ ಉಪಯೋಗಕ್ಕೆ ಬಂತು. ಹೊರಡುವ ಮುಂಚೆ ಇಬ್ಬರು ಸ್ಥಳೀಯ ಹುಡುಗಿಯರಿಗೆ ಕಪ್ಪಿಂಗ್ ಕಲಿಸಿ, ಪುಸ್ತಕ ಒಪ್ಪಿಸಿ ಬಂದೆ. ಅಂದ ಹಾಗೆ, ಎಸ್ಟೇಟನ್ನಾಗಲಿ, ಈ ಕಂಪನಿಯನ್ನಾಗಲಿ ನಾನು ಕೊಯ್ಲಿನ ನಡುವೆ ಬಿಟ್ಟಿಲ್ಲ.

ಈಗ ಹನ್ನೊಂದು ತೋಟಗಳ ಜೊತೆ ಕೆಲಸ ಮಾಡುತ್ತಿದ್ದೇನೆ, ಅತಿ ಸಣ್ಣದು ಮೂರು ಎಕರೆ, ದೊಡ್ಡದು ನಲವತ್ತು. ಒಪ್ಪಂದ ಮೂರು ಫಸಲಿಗೆ, ಅದಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ. ಮೊದಲ ಫಸಲಿನಲ್ಲಿ ಕೊಯ್ಲಿನ ಶಿಸ್ತು ಮತ್ತು ತೊಟ್ಟಿಯ ಗಂಟೆ ಲೆಕ್ಕ, ಎರಡನೆಯದರಲ್ಲಿ ಲಾಟ್‌ಗಳನ್ನು ಬೇರೆ ಬೇರೆ ಇಟ್ಟು ಒಣಗಿಸುವುದು, ಮೂರನೆಯದರಲ್ಲಿ ಖರೀದಿದಾರರ ಜೊತೆ ನೇರ ಮಾತು. ನಾನು ಔಷಧಿ, ಗೊಬ್ಬರ ಮಾರುವುದಿಲ್ಲ. ಖರೀದಿದಾರರಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ. ನೂರು ಎಕರೆ ಮೇಲ್ಪಟ್ಟ ತೋಟಗಳಿಗೆ ನನಗಿಂತ ಅನುಭವಿಗಳಿದ್ದಾರೆ, ಕೇಳಿದರೆ ಹೆಸರು ಹೇಳುತ್ತೇನೆ.

"ನಮ್ಮನ್ನೂ ಒಂದು ವರ್ಷಕ್ಕೆ ಬಿಟ್ಟು ಹೋಗ್ತೀರಾ ಮೇಡಂ?" ಎಂದು ಕಳೆದ ತಿಂಗಳು ಒಬ್ಬರು ನೇರವಾಗಿಯೇ ಕೇಳಿದರು. ಪಟ್ಟಿಯಲ್ಲಿ ಬರೆದುಕೊಂಡಿದ್ದ ಜಾಗಗಳೆಲ್ಲ ಮುಗಿದಿವೆ ಎಂದು ಹೇಳಿ, ಒಪ್ಪಂದದ ಕಾಗದ ತೋರಿಸಿದೆ. ಮೂರು ಫಸಲಿನೊಳಗೆ ನಾನೇ ಬಿಟ್ಟರೆ ಆ ವರ್ಷದ ಶುಲ್ಕ ವಾಪಸ್ ಎಂದು ಅದರಲ್ಲಿದೆ. ಓದಿ, ಮಡಚಿ ಜೇಬಿಗಿಟ್ಟುಕೊಂಡು, "ಬನ್ನಿ, ಕಣ ತೋರಿಸ್ತೀನಿ" ಅಂದರು.

ಮೊದಲ ಭೇಟಿಗೆ ಶುಲ್ಕವಿಲ್ಲ. ಕೊಪ್ಪದಲ್ಲಿರುವ ನನ್ನ ಮನೆಗೆ ಬರುವಾಗ ಈ ವರ್ಷದ ಪಾರ್ಚ್‌ಮೆಂಟ್ ಅಥವಾ ಚೆರ್ರಿ ಒಂದು ಕೆ.ಜಿ., ಬೇರೆ ಬೇರೆ ಚೀಲಗಳ ಮೇಲೆ, ನಡುವೆ, ತಳದಿಂದ ಕೈಹಾಕಿ ತೆಗೆದದ್ದು ತನ್ನಿ. ಕಳೆದ ಸಲದ ಔಟ್‌ಟರ್ನ್ ಚೀಟಿ ಇದ್ದರೆ ಅದನ್ನೂ ತನ್ನಿ.