ಜ್ವರ ಇಳಿದ ಮೇಲೂ ಇಂಜೆಕ್ಷನ್ ಏಕೆ?

ತಾಯಿಯವರಿಗೆ ನಮಸ್ಕಾರ.

ನಿನ್ನೆ ವಾರ್ಡಿನಲ್ಲಿ ನೀವು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಜ್ವರ ಬಿಟ್ಟಿದೆ, ಮಂಡಿಯ ಊತ ಇಳಿದಿದೆ, ಮಗಳು ಓಡಾಡುತ್ತಿದ್ದಾಳೆ. ಹೀಗಿರುವಾಗ ವರ್ಷಗಟ್ಟಲೆ ಸೂಜಿ ಚುಚ್ಚಿಸುವುದು ಯಾವುದಕ್ಕೆ? ರೌಂಡ್ಸಿನ ಅವಸರದಲ್ಲಿ ನಾನು ಕೊಟ್ಟ ಉತ್ತರ ಸಾಲದೆಂದು ನನಗೇ ಅನ್ನಿಸಿದ್ದರಿಂದ, ಮನೆಯವರಿಗೂ ಓದಿ ಹೇಳಲು ಅನುಕೂಲವಾಗಲೆಂದು ಬರೆದು ಕೊಡುತ್ತಿದ್ದೇನೆ.

ಮಂಡಿ ಊದಿಕೊಳ್ಳುವುದಕ್ಕೆ ಸುಮಾರು ಮೂರು ವಾರ ಮೊದಲು ಅವಳಿಗೆ ಎರಡು ದಿನ ಗಂಟಲು ನೋವಿತ್ತು, ತಾನಾಗಿಯೇ ಹೋಯಿತು ಎಂದು ನೀವು ನೆನಪಿಸಿಕೊಂಡಿರಿ. ಎಲ್ಲದರ ಮೂಲ ಆ ಗಂಟಲು ನೋವು. ಅದನ್ನು ತಂದದ್ದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ. ಅದರ ವಿರುದ್ಧ ದೇಹ ತನ್ನ ರಕ್ಷಣೆಯನ್ನು ಸಜ್ಜುಗೊಳಿಸುತ್ತದೆ. ಆದರೆ ಆ ಬ್ಯಾಕ್ಟೀರಿಯದ ಕೆಲವು ಅಂಶಗಳು ನಮ್ಮದೇ ಹೃದಯದ ಮತ್ತು ಕೀಲುಗಳ ಅಂಶಗಳನ್ನು ಹೋಲುವುದರಿಂದ, ಕೆಲವು ಮಕ್ಕಳಲ್ಲಿ ಆ ರಕ್ಷಣೆಯೇ ಗುರುತು ತಪ್ಪಿ ಸ್ವಂತ ದೇಹದ ಮೇಲೆ ಎರಗುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲುಗಳ ಊತ ಗುರುತುಳಿಸದೆ ಹೋಗುತ್ತದೆ, ಹೃದಯದ ಕವಾಟಕ್ಕೆ ಆದ ಗಾಯ ಹಾಗೆ ಹೋಗಲೇಬೇಕೆಂದಿಲ್ಲ.

ಎಕೋ ಪರೀಕ್ಷೆಯ ಪರದೆಯ ಮೇಲೆ ನಾನು ತೋರಿಸಿದ ಬಣ್ಣದ ಸಣ್ಣ ಎಳೆ ನಿಮಗೆ ನೆನಪಿರಬಹುದು. ಹೃದಯದ ಎಡಭಾಗದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಮೈಟ್ರಲ್ ಕವಾಟಕ್ಕೆ ಬಾಗಿಲಿನಂತೆ ಎರಡು ತೆಳುವಾದ ಎಸಳುಗಳಿವೆ. ಅವು ಸರಿಯಾಗಿ ಕೂಡಿಕೊಳ್ಳದೆ ಸ್ವಲ್ಪ ರಕ್ತ ಹಿಂದಕ್ಕೆ ಸೋರುತ್ತಿದೆ. ಸದ್ಯಕ್ಕೆ ಸೋರಿಕೆ ಅಲ್ಪ, ಅದು ಪೂರ್ತಿ ಮಾಯುವ ಸಾಧ್ಯತೆಯೂ ಇದೆ. ಆದರೆ ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮತ್ತೆ ಅದೇ ಗಂಟಲು ಸೋಂಕು ತಗುಲಿದರೆ ಜ್ವರ ಮರುಕಳಿಸುವ ಸಂಭವ ಉಳಿದ ಮಕ್ಕಳಿಗಿಂತ ಬಹಳ ಹೆಚ್ಚು; ಪ್ರತಿ ಸಲ ಮರುಕಳಿಸಿದಾಗಲೂ ಎಸಳುಗಳು ಇನ್ನಷ್ಟು ದಪ್ಪಗಾಗಿ, ಗಡುಸಾಗಿ, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಆದ್ದರಿಂದ ಈ ಇಂಜೆಕ್ಷನ್ ಆಗಿಹೋದ ಜ್ವರಕ್ಕಲ್ಲ, ಮುಂದೆ ಬರಬಹುದಾದ ಗಂಟಲು ಸೋಂಕಿಗೆ. ಆಗಿರುವ ಸೋರಿಕೆಯನ್ನು ಅದು ಮುಚ್ಚುವುದಿಲ್ಲ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು.

ಗಂಟಲು ನೋವು ಬಂದಾಗ ಮಾತ್ರ ಔಷಧಿ ಕೊಟ್ಟರೆ ಸಾಲದೇ ಎಂದು ನಿಮ್ಮ ಯಜಮಾನರು ಕೇಳಿದರು. ಸಾಲದು. ಈ ಸೋಂಕು ಎಷ್ಟೋ ಸಲ ನೋವೇ ಇಲ್ಲದೆ ಬಂದು ಹೋಗುತ್ತದೆ, ಅಷ್ಟರಲ್ಲಿ ಕೆಡುಕು ಆಗಿರುತ್ತದೆ. ಈ ಇಂಜೆಕ್ಷನ್ನಿನಲ್ಲಿರುವ ಬೆಂಜಥೈನ್ ಪೆನಿಸಿಲಿನ್ ಮಾಂಸಖಂಡದೊಳಗೆ ಸಂಗ್ರಹವಾಗಿ ನಿಧಾನವಾಗಿ ಕರಗುತ್ತ, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಸೇರುತ್ತದೆ. ಹಾಲಿನಂತೆ ಬೆಳ್ಳಗೆ, ಮಂದವಾಗಿ ಇರುವುದರಿಂದಲೇ ಅದು ನೋಯುವುದು. ಮಾತ್ರೆಯೂ ಇದೆ, ಆದರೆ ದಿನಕ್ಕೆರಡು ಬಾರಿ ವರ್ಷಗಟ್ಟಲೆ ತಪ್ಪದೆ ನುಂಗಿಸುವುದು ಕಷ್ಟ. ಇಂಜೆಕ್ಷನ್ ಕೊಡುವಷ್ಟು ರಕ್ಷಣೆಯೂ ಅದರಿಂದ ಸಿಗುವುದಿಲ್ಲ.

ಅವಳ ತೂಕ 31 ಕಿಲೋ ಇರುವುದರಿಂದ ಪ್ರತಿ ಸಲ 12 ಲಕ್ಷ ಯೂನಿಟ್ ಕೊಡುತ್ತೇವೆ. ರೂಢಿಯಲ್ಲಿ ತಿಂಗಳ ಇಂಜೆಕ್ಷನ್ ಎನ್ನುತ್ತೇವಾದರೂ ಲೆಕ್ಕ 28 ದಿನದ್ದು. ಮಾರ್ಚ್ 4ರಂದು ಕೊಟ್ಟಿದ್ದೇವೆ. ಮುಂದಿನದು ಏಪ್ರಿಲ್ 4 ಅಲ್ಲ, ಏಪ್ರಿಲ್ 1, ಆಮೇಲೆ ಏಪ್ರಿಲ್ 29. ಎರಡು ದಿನ ಮೊದಲೇ ಬಂದರೆ ತೊಂದರೆಯಿಲ್ಲ, ತಡವಾದರೆ ಆ ದಿನಗಳಲ್ಲಿ ಅವಳಿಗೆ ಕಾವಲಿರುವುದಿಲ್ಲ. ಪರೀಕ್ಷೆ, ಮದುವೆ, ಪ್ರಯಾಣ ಏನಿದ್ದರೂ ಈ ತಾರೀಖನ್ನು ಮೊದಲು ನೋಡಿಕೊಳ್ಳಿ.

ಎಲ್ಲಿಯವರೆಗೆ ಎಂದರೆ, ಹೃದಯಕ್ಕೆ ತಗುಲಿರುವುದರಿಂದ ಕನಿಷ್ಠ 10 ವರ್ಷ ಅಥವಾ 21 ವಯಸ್ಸಿನವರೆಗೆ, ಯಾವುದು ಹೆಚ್ಚೋ ಅದು; ಈಗ 9 ವರ್ಷದವಳಾದ್ದರಿಂದ 21ರವರೆಗೆ ಎಂದಾಯಿತು. ಸೋರಿಕೆ ಉಳಿದರೆ 40ರವರೆಗೂ ಮುಂದುವರಿಸಬೇಕಾಗಬಹುದು. ಕೇಳಲು ಭಾರವಾದ ಮಾತು, ಬಲ್ಲೆ. ಎಕೋ ನೋಡುತ್ತ ಹೋಗಿ ನಾವೇ ನಿರ್ಧರಿಸುತ್ತೇವೆ. ಚೆನ್ನಾಗಿದ್ದಾಳೆಂದು ನೀವಾಗಿ ನಿಲ್ಲಿಸಬೇಡಿ.

ನೋವು ಕಡಿಮೆಯಾಗಲು ಔಷಧಿಯನ್ನು ಕೋಣೆಯ ಉಷ್ಣತೆಗೆ ತಂದು ನಿಧಾನವಾಗಿ ಕೊಡುವಂತೆ ಸಿಸ್ಟರ್‌ಗೆ ಹೇಳಿದ್ದೇನೆ; ಬೇಕಾದರೆ ಮರಗಟ್ಟಿಸುವ ಔಷಧಿ ಬೆರೆಸುತ್ತಾರೆ. ಪೆನಿಸಿಲಿನ್ ಅಲರ್ಜಿ ತೀವ್ರವಾಗುವುದು ಅಪರೂಪ, ಆದರೂ ಪ್ರತಿ ಸಲ ಅರ್ಧ ಗಂಟೆ ಇಲ್ಲೇ ಕುಳಿತು ಹೋಗಬೇಕು. ಮೈಯೆಲ್ಲ ದದ್ದು, ಮುಖದ ಊತ ಅಥವಾ ಉಸಿರಾಟದ ತೊಂದರೆ ಕಂಡರೆ ತಕ್ಷಣ ಕೂಗಿ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಕವಾಟದ ವಿಷಯ ತಿಳಿಸಿ. ಗಂಟಲು ನೋವು, ಜ್ವರ, ಕೀಲು ನೋವು ಅಥವಾ ಮೆಟ್ಟಿಲು ಹತ್ತುವಾಗ ಏದುಸಿರು ಕಂಡರೆ 28ನೇ ದಿನಕ್ಕಾಗಿ ಕಾಯದೆ ಬನ್ನಿ.

ತಾರೀಖುಗಳನ್ನು ಬರೆದ ಹಳದಿ ಕಾರ್ಡನ್ನು ಇದರೊಂದಿಗೆ ಇಟ್ಟಿದ್ದೇನೆ. ಬೇರೆ ಊರಿಗೆ ಹೋದರೂ ಅದು ನಿಮ್ಮ ಕೈಯಲ್ಲಿರಲಿ. ಅದನ್ನು ನೋಡಿ ಅಲ್ಲಿನ ವೈದ್ಯರೂ ಇಂಜೆಕ್ಷನ್ ಕೊಡಬಹುದು.

ಇಂತಿ,
ಮಕ್ಕಳ ವಿಭಾಗದ ವೈದ್ಯರು